ತಂದೆಯ ಷಷ್ಟ್ಯಬ್ದಿಯಲ್ಲಿ ಮಗನ ಮಾತು: ಆರು ನಿಮಿಷ, ಮೂರು ಸನ್ನಿವೇಶ

ಉಡುಪಿ, ಮಂಗಳೂರು ಕಡೆಯ ಷಷ್ಟ್ಯಬ್ದಿಗಳಲ್ಲಿ ಮಗನ ಮಾತಿಗೆ ಸಿಗುವ ಅವಕಾಶ ಬಹಳ ಇಕ್ಕಟ್ಟಿನದು. ಬೆಳಿಗ್ಗೆ ಹೋಮ, ಕಲಶಸ್ನಾನ, ಬಳಿಕ ದಂಪತಿಗೆ ಮತ್ತೊಮ್ಮೆ ಮಾಂಗಲ್ಯಧಾರಣೆ, ಹಿರಿಯರ ಆಶೀರ್ವಾದ ಎಲ್ಲ ಮುಗಿಯುವಾಗ ಮಧ್ಯಾಹ್ನವಾಗಿರುತ್ತದೆ. ಹಿಂದಿನ ಸಾಲಿನವರ ಕಣ್ಣು ಊಟದ ಹಾಲಿನ ಬಾಗಿಲ ಮೇಲಿರುತ್ತದೆ. ಆದ್ದರಿಂದ ಆರು ನಿಮಿಷಕ್ಕಿಂತ ಹೆಚ್ಚು ಮಾತಾಡುವ ಯೋಚನೆಯನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ಸಭೆಯಲ್ಲಿ ನಿಧಾನವಾಗಿ ಮಾತಾಡಿದರೆ ಒಂದು ನಿಮಿಷಕ್ಕೆ 80ರಿಂದ 90 ಕನ್ನಡ ಪದಗಳು ಸಾಗುತ್ತವೆ. ಆ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿರುವುದು ಸುಮಾರು 500 ಪದ. ತಂದೆಯ ಅರವತ್ತು ವರ್ಷ ಅದರಲ್ಲಿ ಹಿಡಿಯುವುದಿಲ್ಲ, ಮೂರು ಸನ್ನಿವೇಶಗಳು ಹಿಡಿಯುತ್ತವೆ.

ಹುಟ್ಟಿದ ಊರು, ಶಾಲೆ, ಕೆಲಸಕ್ಕೆ ಸೇರಿದ ವರ್ಷ, ಮದುವೆ, ಮಕ್ಕಳು ಎಂದು ಜೀವನ ಚರಿತ್ರೆಯನ್ನು ಸಾಲಾಗಿ ಒಪ್ಪಿಸುವುದನ್ನು ಕಾರ್ಯಕ್ರಮ ನಿರೂಪಕರಿಗೆ ಬಿಡಬಹುದು. 1966ರ ಯುಗಾದಿಯ ಬಳಿಕ ಹುಟ್ಟಿದವರ ಪರಾಭವ ಸಂವತ್ಸರವು ಚಕ್ರ ಮುಗಿಸಿ 2026ರಲ್ಲಿ ಮರಳಿ ಬಂದಿದೆ ಎಂಬ ವಿವರಣೆಯನ್ನು ಪುರೋಹಿತರು ಹೇಗೂ ಕೊಟ್ಟಿರುತ್ತಾರೆ. ಬೇರೆ ಯಾರೂ ಹೇಳಲಾರದ, ಮನೆಯೊಳಗಿದ್ದವರು ಮಾತ್ರ ಹೇಳಬಹುದಾದ ಸಂಗತಿಯನ್ನು ಹೇಳಲಿಕ್ಕಾಗಿಯೇ ಮಗನ ಕೈಗೆ ಮೈಕ್ ಕೊಡುತ್ತಾರೆ.

ಮುಂದಿನ ವಿವರಣೆಗೆ ಒಂದು ಕಲ್ಪಿತ ಉದಾಹರಣೆಯನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ. ತಂದೆ ಉಡುಪಿ–ಮಂಗಳೂರು ಮಾರ್ಗದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಮನೆ ಕಾಪುವಿನ ಹತ್ತಿರ. ತಾಯಿ ಬೀಡಿ ಕಟ್ಟುತ್ತಿದ್ದವರು. ಒಬ್ಬಳು ಅಕ್ಕ, 1998ರಲ್ಲಿ ಹುಟ್ಟಿದ ಒಬ್ಬ ಮಗ. ಮನೆಯ ಮಾತು ತುಳು, ತಂದೆಯನ್ನು ಕರೆಯುವುದು ‘ಪಪ್ಪ’ ಎಂದು. ಭಾಷಣ ಕನ್ನಡದಲ್ಲಿದ್ದರೂ ಈ ಕರೆಯನ್ನು ಬದಲಿಸಬಾರದು. ‘ನನ್ನ ಪೂಜ್ಯ ತಂದೆಯವರು’ ಎಂದು ಆರಂಭಿಸಿದ ಕ್ಷಣವೇ ಮನೆಯವರಿಗೆ ಮಾತಾಡುತ್ತಿರುವುದು ಬೇರೆ ಯಾರೋ ಎನ್ನಿಸುತ್ತದೆ. ಪಪ್ಪ ಎನ್ನಿ, ಕ್ರಿಯಾಪದದಲ್ಲಿ ಗೌರವದ ಬಹುವಚನ ಬಳಸಿ. ಅಷ್ಟು ಮರ್ಯಾದೆ ಸಾಕು.

ಸನ್ನಿವೇಶಗಳನ್ನು ಕಲೆಹಾಕುವುದು

ಮೂರು ವಾರ ಮೊದಲೇ ಈ ಕೆಲಸ ಆರಂಭವಾಗಬೇಕು, ಏಕೆಂದರೆ ನಿಮಗೆ ನೆನಪಿರುವುದು ನಿಮ್ಮ ಬಾಲ್ಯವೇ ಹೊರತು ತಂದೆಯ ಜೀವನವಲ್ಲ. ತಾಯಿ, ತಂದೆಯ ಅಕ್ಕ ಅಥವಾ ತಂಗಿ, ಬಹಳ ವರ್ಷ ಜೊತೆಗೆ ದುಡಿದ ಒಬ್ಬರು, ಈ ಮೂವರೊಡನೆ ಬೇರೆ ಬೇರೆಯಾಗಿ, ತಂದೆ ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಕುಳಿತು ಮಾತಾಡಿ. ‘ಪಪ್ಪ ನಮಗಾಗಿ ಏನೇನು ತ್ಯಾಗ ಮಾಡಿದ್ದಾರೆ?’ ಎಂದು ಕೇಳಿದರೆ ‘ಅವರು ಎಷ್ಟು ಕಷ್ಟಪಟ್ಟಿದ್ದಾರೆ ಗೊತ್ತುಂಟಾ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಬದಲಿಗೆ ವಸ್ತುವಿನ, ಹಣದ, ದಾರಿಯ ಬಗ್ಗೆ ಕೇಳಿ. ಅವರು ಕೊಳ್ಳಬೇಕೆಂದು ಲೆಕ್ಕ ಹಾಕಿ ಕೊಳ್ಳದೆ ಬಿಟ್ಟದ್ದು ಯಾವುದು? ಆ ವರ್ಷದ ಫೀಸಿನ ಹಣ ಯಾವುದಕ್ಕೆಂದು ಇಟ್ಟದ್ದಾಗಿತ್ತು? ಎಲ್ಲಿಗಾದರೂ ಹೊರಟು ನಿಂತು ಹೋಗದೆ ಉಳಿದದ್ದು ಉಂಟಾ? ಮೂರನೆಯ ಪ್ರಶ್ನೆಗೆ ತಾಯಿ ಒಮ್ಮೊಮ್ಮೆ ಸುಮ್ಮನಾಗುತ್ತಾರೆ. ಆ ಮೌನವನ್ನು ನೀವು ತುಂಬಬೇಡಿ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳುತ್ತಾರೆ.

ನಮ್ಮ ಉದಾಹರಣೆಯ ಮಗನಿಗೆ ಹೀಗೆ ಮೂರು ಸಂಗತಿಗಳು ಸಿಗುತ್ತವೆ ಎಂದುಕೊಳ್ಳೋಣ. ಮೊದಲನೆಯದು ಅವನೇ ಕಂಡದ್ದು: ರಾತ್ರಿ ಚಾಪೆಯ ಮೇಲೆ ಚರ್ಮದ ಚೀಲ ಸುರಿದು ಕಲೆಕ್ಷನ್ ಎಣಿಸುವಾಗ ಒಂದು ಹರಿದ ನೂರರ ನೋಟು ಸಿಕ್ಕಿದ್ದು, ಮರುದಿನ ಅದನ್ನು ಯಾವ ಪ್ರಯಾಣಿಕರಿಗೂ ದಾಟಿಸದೆ ಪಪ್ಪ ತನ್ನ ಬತ್ತೆಯಿಂದ ತುಂಬಿಕೊಟ್ಟದ್ದು. ಎರಡನೆಯದನ್ನು ಅಕ್ಕ ನೆನಪಿಸಿದ್ದು: 2016ರ ಮೇ ತಿಂಗಳಿನಲ್ಲಿ ಹಂಚಿನ ಮಾಡು ತೆಗೆದು ಟೆರೇಸ್ ಮಾಡಿಸಲು ಕೂಡಿಟ್ಟ ಹಣ ಇಂಜಿನಿಯರಿಂಗ್ ಸೀಟಿಗೆ ಹೋದದ್ದು, ಮಳೆ ಬರುವ ಮೊದಲು ಪಪ್ಪ ತಾವೇ ಮಾಡು ಹತ್ತಿ ಒಡೆದ ಹಂಚುಗಳನ್ನು ಬದಲಿಸಿದ್ದು. ಮೂರನೆಯದು ತಾಯಿ ಹೇಳಿದ್ದು: 1994ರಲ್ಲಿ ಮಾಡಿಸಿದ, ಒಂದು ಮುದ್ರೆಯೂ ಬೀಳದೆ 2004ರಲ್ಲಿ ಅವಧಿ ಮುಗಿದ ಪಾಸ್‌ಪೋರ್ಟ್. ಗಲ್ಫಿಗೆ ವೀಸಾ ಸಿದ್ಧವಾಗಿದ್ದಾಗ ಅಜ್ಜನಿಗೆ ಪಾರ್ಶ್ವವಾಯು ಆಯಿತು, ಪಪ್ಪ ಹೋಗಲಿಲ್ಲ.

ಇವುಗಳನ್ನು ಕಾಗದದ ಮೇಲಿಟ್ಟ ಕೂಡಲೇ ಇಸವಿಗಳನ್ನು ಹೊಂದಿಸಿ ನೋಡಬೇಕು. ಕಾಲೇಜಿನ ರಸೀದಿ, ಪಾಸ್‌ಪೋರ್ಟಿನ ಮೊದಲ ಪುಟ, ಮನೆ ತೆರಿಗೆಯ ಚೀಟಿ, ಹಳೆಯ ಫೋಟೋದ ಹಿಂಬದಿ ಇವೆಲ್ಲ ಇದಕ್ಕೆ ಒದಗುತ್ತವೆ. ಸಭೆಯಲ್ಲಿರುವ ಅರ್ಧದಷ್ಟು ಜನ ಆ ದಿನಗಳನ್ನು ಕಂಡವರು. ಅಜ್ಜನಿಗೆ ಹುಷಾರು ತಪ್ಪಿದ ವರ್ಷವನ್ನು ನೀವು ತಪ್ಪಾಗಿ ಹೇಳಿದರೆ ಎರಡನೆಯ ಸಾಲಿನಿಂದ ಅತ್ತೆಯೊಬ್ಬರು ಅಲ್ಲಿಯೇ ತಿದ್ದುತ್ತಾರೆ. ಆಮೇಲೆ ಏನು ಹೇಳಿದರೂ ಸಭೆಗೆ ನೆನಪಿರುವುದು ಆ ತಿದ್ದುಪಡಿಯೇ.

ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು

ಸಿಕ್ಕಿದ ಪ್ರತಿಯೊಂದು ಸಂಗತಿಗೂ ಎರಡು ಪ್ರಶ್ನೆ ಹಾಕಿ. ಇದರಲ್ಲಿ ತಂದೆ ಏನನ್ನಾದರೂ ಆರಿಸಿಕೊಂಡರೇ, ಅಥವಾ ಅವರಿಗೆ ಕಷ್ಟ ಬಂತು ಎಂಬುದಷ್ಟೇ ಇದೆಯೇ? ಬಡತನ, ಕಾಯಿಲೆ, ಅಪಘಾತ ಇವು ತಾವಾಗಿ ಬಂದವು. ಅವುಗಳ ವರ್ಣನೆ ಸಭೆಯಲ್ಲಿ ಕನಿಕರವನ್ನು ಹುಟ್ಟಿಸುತ್ತದೆ, ಕನಿಕರವನ್ನು ಹೊಸ ಶಾಲು ಹೊದ್ದು ಕುಳಿತ ಯಾವ ಗೃಹಸ್ಥರೂ ಬಯಸುವುದಿಲ್ಲ. ಹರಿದ ನೋಟನ್ನು ಜನಸಂದಣಿಯ ನಡುವೆ ದಾಟಿಸಬಹುದಿತ್ತು, ದಾಟಿಸಲಿಲ್ಲ. ಟೆರೇಸ್ ಮಾಡಿಸಬಹುದಿತ್ತು, ಮಾಡಿಸಲಿಲ್ಲ. ಇವುಗಳಲ್ಲಿ ಆಯ್ಕೆ ಇದೆ. ಈ ಕಾರಣಕ್ಕೇ ‘ತ್ಯಾಗ’ ಎಂಬ ಪದವನ್ನು ಭಾಷಣದಲ್ಲಿ ಒಮ್ಮೆಯೂ ಹೇಳುವ ಅಗತ್ಯ ಬರುವುದಿಲ್ಲ.

ಎರಡನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮವಾದದ್ದು: ಇದನ್ನು ಹೇಳಿದರೆ ಸಭೆಯಲ್ಲಿ ಯಾರ ತಲೆಯಾದರೂ ತಗ್ಗುತ್ತದೆಯೇ? ತಾಯಿಯ ಕರಿಮಣಿ ಅಡವಿಟ್ಟದ್ದು, ಸಾಲ ಕೇಳಲು ಹೋಗಿ ಬರಿಗೈಯಲ್ಲಿ ಬಂದದ್ದು, ಆಸ್ತಿ ಪಾಲಾದಾಗ ಕಡಿಮೆ ಸಿಕ್ಕಿದ್ದು ಇವೆಲ್ಲ ನಿಜವೇ ಇರಬಹುದು. ಆದರೆ ಸಾಲ ಕೊಡದ ಮಾವ ಅಲ್ಲಿಯೇ ಕುಳಿತಿರುತ್ತಾರೆ. ಹಣದ ಮೊತ್ತಗಳನ್ನು ಪೂರ್ತಿಯಾಗಿ ಬಿಡಿ. ‘ಟೆರೇಸಿಗೆ ಕೂಡಿಟ್ಟ ಹಣ’ ಎಂದರೆ ಸಾಕು, ಎಷ್ಟು ಲಕ್ಷ ಎಂದು ಹೇಳಿದರೆ ಕೇಳುವವರ ಮನಸ್ಸು ಅಲ್ಲಿಗೇ ಲೆಕ್ಕಕ್ಕೆ ತೊಡಗುತ್ತದೆ.

ಇನ್ನೊಂದು ಬಗೆಯ ಸನ್ನಿವೇಶವನ್ನು ಎಲ್ಲರೂ ಬರೆಯುತ್ತಾರೆ, ನನಗಂತೂ ಅದು ಸಾಕಾಗಿದೆ: ಖಾಕಿ ಬಟ್ಟೆಯಲ್ಲಿ ಶಾಲೆಗೆ ಬಂದ ತಂದೆಯನ್ನು ಕಂಡು ಮಗ ನಾಚಿಕೊಂಡದ್ದು, ದೊಡ್ಡವನಾದ ಮೇಲೆ ಪಶ್ಚಾತ್ತಾಪಪಟ್ಟದ್ದು. ಅದರಲ್ಲಿ ಆರಂಭದಿಂದ ಕೊನೆಯವರೆಗೂ ಇರುವುದು ಮಗನ ಮನಸ್ಸೇ. ಅರವತ್ತು ತುಂಬಿದ ದಿನ ತನ್ನ ಉಡುಪಿನ ಬಗ್ಗೆ ಮಗನಿಗೆ ನಾಚಿಕೆಯಿತ್ತು ಎಂದು ತಂದೆ ಮೊದಲ ಬಾರಿಗೆ, ಅದೂ ಮೈಕಿನಲ್ಲಿ, ಕೇಳಿಸಿಕೊಳ್ಳುವುದರಿಂದ ಯಾವ ಗೌರವವೂ ಸಲ್ಲುವುದಿಲ್ಲ.

ಪಾಸ್‌ಪೋರ್ಟಿನ ಸಂಗತಿ ಮೊದಲ ಪ್ರಶ್ನೆಯಲ್ಲಿ ಗೆಲ್ಲುತ್ತದೆ, ಎರಡನೆಯದರಲ್ಲಿ ತೊಡಕಾಗುತ್ತದೆ. ಪಪ್ಪ ಹೋಗದಿದ್ದಾಗ ಮರುವರ್ಷ ಗಲ್ಫಿಗೆ ಹೋದವರು ಚಿಕ್ಕಪ್ಪ. ಅವರು ಈಗ ಪತ್ನಿ, ಮಕ್ಕಳೊಡನೆ ಮುಂದಿನ ಸಾಲಿನಲ್ಲಿದ್ದಾರೆ. ಮಗನ ಮೊದಲ ಕರಡು ಹೀಗಿತ್ತು ಎಂದುಕೊಳ್ಳಿ:

“ಎಲ್ಲರೂ ದುಡ್ಡು ಮಾಡಲು ವಿದೇಶಕ್ಕೆ ಹೋದಾಗ ಅಜ್ಜನ ಸೇವೆಗೆಂದು ಇಲ್ಲಿ ಉಳಿದವರು ಪಪ್ಪ ಒಬ್ಬರೇ. ತನ್ನ ಭವಿಷ್ಯವನ್ನೇ ಅವರು ತ್ಯಾಗ ಮಾಡಿದರು.”

ಇದು ತಂದೆಯನ್ನು ಹೊಗಳುವ ನೆಪದಲ್ಲಿ ಚಿಕ್ಕಪ್ಪನನ್ನು ಸಭೆಯ ಮುಂದೆ ನಿಲ್ಲಿಸಿ ಬಯ್ದಂತೆ. ಜೊತೆಗೆ ಇದು ಅರ್ಧಸತ್ಯವೂ ಹೌದು, ಏಕೆಂದರೆ ಅಜ್ಜನ ಔಷಧಿಯ ಖರ್ಚಿಗೆ ಗಲ್ಫಿನಿಂದ ಹಣ ಬರುತ್ತಿತ್ತು ಎಂಬುದು ತಾಯಿಗೆ ಗೊತ್ತಿದೆ. ಇಂಥ ಕಡೆ ಸನ್ನಿವೇಶವನ್ನು ಕೈಬಿಡಬೇಕಾಗಿಲ್ಲ, ಸತ್ಯವನ್ನು ಪೂರ್ತಿ ಮಾಡಿದರೆ ಆಗುತ್ತದೆ. ಸಮಾರಂಭಕ್ಕೆ ನಾಲ್ಕೈದು ದಿನ ಮೊದಲು ಚಿಕ್ಕಪ್ಪನಿಗೆ ಫೋನ್ ಮಾಡಿ, ‘ಪಪ್ಪನ ಪಾಸ್‌ಪೋರ್ಟಿನ ವಿಷಯ ಹೇಳಬೇಕೆಂದಿದ್ದೇನೆ, ನೀವು ಹಣ ಕಳುಹಿಸುತ್ತಿದ್ದುದನ್ನೂ ಹೇಳುತ್ತೇನೆ, ಆಗಬಹುದಾ ಚಿಕ್ಕಪ್ಪ?’ ಎಂದು ಕೇಳಬೇಕು. ಅವರು ಬೇಡವೆಂದರೆ ಬೇಡ. ಬೇರೊಂದು ಸನ್ನಿವೇಶ ಹುಡುಕುವಷ್ಟು ಸಮಯ ಇನ್ನೂ ಇರುತ್ತದೆ. ಒಪ್ಪಿದರೆ ಅದೇ ಸಂಗತಿ ಹೀಗೆ ಬರುತ್ತದೆ:

“ನಮ್ಮ ಕಪಾಟಿನ ಮೇಲಿನ ಅರೆಯಲ್ಲಿ ಪಪ್ಪನ ಒಂದು ಪಾಸ್‌ಪೋರ್ಟ್ ಉಂಟು. 1994ರಲ್ಲಿ ಮಾಡಿಸಿದ್ದು. ಒಳಗಿನ ಪುಟಗಳಲ್ಲಿ ಒಂದು ಮುದ್ರೆಯೂ ಇಲ್ಲ. ವೀಸಾ ಬಂದಿತ್ತು, ಹೊರಡುವ ದಿನ ಗೊತ್ತಾಗಿತ್ತು, ಅಷ್ಟರಲ್ಲಿ ಅಜ್ಜ ಹಾಸಿಗೆ ಹಿಡಿದರು. ಅಜ್ಜನನ್ನು ಎತ್ತಿ ಕೂರಿಸಲು, ಸ್ನಾನ ಮಾಡಿಸಲು ಒಬ್ಬ ಗಂಡಸು ಮನೆಯಲ್ಲಿ ಬೇಕಿತ್ತು. ಮರುವರ್ಷ ಚಿಕ್ಕಪ್ಪ ಹೋದರು, ಅಲ್ಲಿಂದ ತಪ್ಪದೆ ಅಜ್ಜನ ಔಷಧಿಗೆ ಹಣ ಕಳುಹಿಸಿದರು. ಪಪ್ಪ ಬೆಳಗಿನ ಟ್ರಿಪ್ ಬಿಟ್ಟುಕೊಟ್ಟು, ಅಜ್ಜನ ಸ್ನಾನ, ಗಂಜಿ ಮುಗಿಸಿಯೇ ಡ್ಯೂಟಿಗೆ ಹೋಗುತ್ತಿದ್ದರು. ಅಮ್ಮ ಒಮ್ಮೆ ಕೇಳಿದರಂತೆ, ಇನ್ನೊಂದು ಸಲ ವೀಸಾ ನೋಡುವುದಾ ಎಂದು. ಪಪ್ಪ ‘ಆವು, ತೂಕ’ ಅಂದರು. ಪಾಸ್‌ಪೋರ್ಟಿನ ಅವಧಿ 2004ರಲ್ಲಿ ಮುಗಿಯಿತು.”

ಕೊನೆಯ ಎರಡು ವಾಕ್ಯಗಳನ್ನು ಗಮನಿಸಿ. ತುಳುವಿನ ‘ಆವು, ತೂಕ’ ಎಂಬ ಮಾತನ್ನು ‘ಆಗಲಿ, ನೋಡೋಣ’ ಎಂದು ಕನ್ನಡಿಸಬಾರದು. ಅದು ಪಪ್ಪನ ಬಾಯಿಯ ಮಾತು, ಮನೆಯವರೆಲ್ಲ ಸಾವಿರ ಸಲ ಕೇಳಿದ್ದು. ಹೇಳಿದ ಕೂಡಲೇ ಅವರು ನಗುತ್ತಾರೆ. ಆ ನಗುವಿನ ಹಿಂದೆಯೇ 2004 ಎಂಬ ಇಸವಿ ಬರುತ್ತದೆ. ಅದರ ಮೇಲೆ ಇನ್ನೊಂದು ವಾಕ್ಯದ ವ್ಯಾಖ್ಯಾನ ಸೇರಿಸಿದರೆ ಅಷ್ಟೂ ಕೆಡುತ್ತದೆ.

ತಾಯಿಯನ್ನು ಎಲ್ಲಿ ಕೂರಿಸಬೇಕು

ತಂದೆಯ ಷಷ್ಟ್ಯಬ್ದಿ ಎಂದರೂ ಅಲಂಕರಿಸಿದ ಕುರ್ಚಿಗಳು ಎರಡು ಇರುತ್ತವೆ. ಹೆಚ್ಚಿನ ಭಾಷಣಗಳಲ್ಲಿ ತಾಯಿಗೆ ಕೊನೆಯಲ್ಲಿ ಒಂದು ವಾಕ್ಯ ಸಿಗುತ್ತದೆ: ‘ಇದಕ್ಕೆಲ್ಲ ಬೆನ್ನೆಲುಬಾಗಿ ನಿಂತವರು ಅಮ್ಮ.’ ಈ ವಾಕ್ಯವನ್ನು ಹೊಡೆದುಹಾಕಿ. ತಂದೆ ಒಂದನ್ನು ಬಿಟ್ಟುಕೊಟ್ಟಾಗ ಅದರ ಭಾರ ತಾಯಿಯ ಮೇಲೆ ಎಲ್ಲಿ ಬಿತ್ತು ಎಂದು ಸನ್ನಿವೇಶದ ಒಳಗೇ ತೋರಿಸಬೇಕು. ಮಾಡಿನ ಪ್ರಸಂಗದಲ್ಲಿ ಅದು ಸುಲಭವಾಗಿಯೇ ಬರುತ್ತದೆ:

“ಆ ಮೇ ತಿಂಗಳಿನಲ್ಲಿ ಪಪ್ಪ ಮಾಡು ಹತ್ತಿ ಒಡೆದ ಹಂಚುಗಳನ್ನು ತೆಗೆದು ಕೆಳಗೆ ಕೊಡುತ್ತಿದ್ದರು, ಅಕ್ಕ ಹೊಸದನ್ನು ಮೇಲೆ ಕೊಡುತ್ತಿದ್ದಳು. ಎಷ್ಟು ಸರಿಮಾಡಿದರೂ ಜುಲೈಯಲ್ಲಿ ಒಂದು ಮೂಲೆ ಸೋರಿತು. ಅಮ್ಮ ಬೀಡಿಯ ತಡ್ಪೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು, ಎಲೆ ಒದ್ದೆಯಾದರೆ ಬ್ರಾಂಚಿನಲ್ಲಿ ಬೀಡಿ ತೆಗೆದುಕೊಳ್ಳುವುದಿಲ್ಲ. ಆ ಮಳೆಗಾಲ ಪೂರ್ತಿ ಒಲೆಯ ಪಕ್ಕ ಕುಳಿತು ಬೀಡಿ ಕಟ್ಟಿದರು. ಟೆರೇಸಿನ ಮಾತನ್ನು ಇಬ್ಬರೂ ನಾನು ಕೆಲಸಕ್ಕೆ ಸೇರುವವರೆಗೆ ಎತ್ತಲಿಲ್ಲ.”

ಇಲ್ಲಿ ‘ಅಮ್ಮನೂ ಕಷ್ಟಪಟ್ಟರು’ ಎಂದು ಹೇಳಿಲ್ಲ. ಬೀಡಿ ಕಟ್ಟಿದ ಮನೆಗಳಿಂದ ಬಂದ ಹೆಂಗಸರು ಸಭೆಯಲ್ಲಿ ಬಹಳ ಮಂದಿ ಇರುತ್ತಾರೆ. ಒದ್ದೆ ಎಲೆ ಎಂದರೆ ಏನೆಂದು ಅವರಿಗೆ ವಿವರಿಸಬೇಕಾಗಿಲ್ಲ. ಅಕ್ಕನೂ ಈ ಸನ್ನಿವೇಶದೊಳಗೆ ಇದ್ದಾಳೆ. ಒಡಹುಟ್ಟಿದವರು ಯಾವುದಾದರೂ ಒಂದು ಸನ್ನಿವೇಶದಲ್ಲಿ ಕಾಣಿಸಲೇಬೇಕು. ಎಲ್ಲ ನನ್ನೊಬ್ಬನಿಗಾಗಿ ನಡೆಯಿತು ಎಂಬಂತೆ ಮಗ ಮಾತಾಡಿದರೆ ಮಗಳಿಗೆ ಆಗುವ ನೋವು ಸಣ್ಣದಲ್ಲ.

ಜೋಡಣೆ

ಹರಿದ ನೋಟು ಮೊದಲು, ಮಾಡು ನಂತರ, ಪಾಸ್‌ಪೋರ್ಟ್ ಕೊನೆಗೆ. ಕಾಲಕ್ರಮದಲ್ಲಿ ಪಾಸ್‌ಪೋರ್ಟ್ ಮೊದಲಿನದಾದರೂ ಅದನ್ನೇ ಮೊದಲು ಹೇಳಿದರೆ ನೋಟಿನ ಸಂಗತಿ ಚಿಲ್ಲರೆಯಾಗಿ ಕಾಣುತ್ತದೆ. ಸಣ್ಣದರಿಂದ ಆರಂಭಿಸುವುದಕ್ಕೆ ಇನ್ನೊಂದು ಅನುಕೂಲವೂ ಇದೆ: ಸಭೆಗೆ ಪಪ್ಪನ ಸ್ವಭಾವ ಪರಿಚಯವಾಗುತ್ತದೆ, ಆ ಸ್ವಭಾವದವರು ಮುಂದೆ ಏನು ಮಾಡಿರಬಹುದು ಎಂಬ ಕುತೂಹಲವೂ ಹುಟ್ಟುತ್ತದೆ. ಪ್ರತಿ ಸನ್ನಿವೇಶಕ್ಕೆ ಸುಮಾರು 120 ಪದ ಇಟ್ಟರೆ ಆರಂಭಕ್ಕೂ ಮುಕ್ತಾಯಕ್ಕೂ ಸೇರಿ 140 ಉಳಿಯುತ್ತದೆ.

ಆರಂಭದ ಸಂಬೋಧನೆಗೆ ಎರಡು ವಾಕ್ಯಕ್ಕಿಂತ ಹೆಚ್ಚು ಕೊಡಬೇಡಿ. ವೇದಿಕೆಯಲ್ಲಿರುವವರ ಹೆಸರುಗಳನ್ನು ಹೇಳತೊಡಗಿದರೆ ಒಂದು ಹೆಸರು ಬಿಟ್ಟುಹೋಗುತ್ತದೆ, ಬಿಟ್ಟುಹೋದವರಿಗೆ ಅದು ನೆನಪಿರುತ್ತದೆ. “ದೇವರಿಗೆ, ದೈವಗಳಿಗೆ, ಇಲ್ಲಿರುವ ಹಿರಿಯರಿಗೆಲ್ಲ ನಮಸ್ಕಾರ. ಪಪ್ಪನ ಬಗ್ಗೆ ಮೂರು ಸಂಗತಿ ಹೇಳಿ ಕುಳಿತುಕೊಳ್ಳುತ್ತೇನೆ” ಎಂದು ನೇರವಾಗಿ ನೋಟಿಗೆ ಬರಬಹುದು:

“ನಾನು ಮೂರನೆಯ ಕ್ಲಾಸಿನಲ್ಲಿದ್ದೆ. ರಾತ್ರಿ ಪಪ್ಪ ಚೀಲವನ್ನು ಚಾಪೆಗೆ ಸುರಿದರೆ ಚಿಲ್ಲರೆಯನ್ನು ಬೇರೆ ಬೇರೆ ಮಾಡುವುದು ನನ್ನ ಕೆಲಸ. ಒಂದು ದಿನ ಮಡಿಕೆಯೊಳಗೆ ಹರಿದ ನೂರರ ನೋಟು ಸಿಕ್ಕಿತು. ನಾಳೆ ಪಡುಬಿದ್ರಿಯಲ್ಲಿ ರಶ್ ಇರುವಾಗ ಯಾರಿಗಾದರೂ ಕೊಟ್ಟುಬಿಡಿ ಎಂದೆ ನಾನು. ಪಪ್ಪ ಅದನ್ನು ನನ್ನ ಕೈಯಿಂದ ತೆಗೆದು ಅಂಗಿಯ ಕಿಸೆಯಲ್ಲಿಟ್ಟರು, ತನ್ನ ಬತ್ತೆಯ ಹಣದಿಂದ ನೂರು ತೆಗೆದು ಕಲೆಕ್ಷನ್ನಿಗೆ ಸೇರಿಸಿದರು. ‘ಕೊಟ್ಟವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತುಂಟಲ್ಲ’ ಅಂದರು.”

ಮೂರು ಸನ್ನಿವೇಶಗಳ ನಡುವೆ ‘ಇನ್ನೊಂದು ಘಟನೆ ಏನೆಂದರೆ’ ಎಂಬಂಥ ಸೇತುವಾಕ್ಯಗಳು ಬೇಡ. ಒಂದು ಉಸಿರಿನಷ್ಟು ನಿಂತು ಮುಂದಿನದರ ಮೊದಲ ವಾಕ್ಯಕ್ಕೆ ಹೋಗಿ. ಇಸವಿಯೋ ಸ್ಥಳವೋ ಆ ವಾಕ್ಯದಲ್ಲಿದ್ದರೆ ಕೇಳುವವರು ಜೊತೆಗೆ ಬರುತ್ತಾರೆ.

ಮೂರನ್ನೂ ಸಭೆಯ ಕಡೆ ನೋಡಿ, ಪಪ್ಪನನ್ನು ‘ಅವರು’ ಎಂದೇ ಹೇಳಬೇಕು. ಮೊದಲಿನಿಂದಲೇ ತಂದೆಯ ಮುಖ ನೋಡಿ ‘ನೀವು ಹೀಗೆ ಮಾಡಿದಿರಿ’ ಎನ್ನುತ್ತ ಹೋದರೆ ಎರಡನೆಯ ನಿಮಿಷಕ್ಕೆ ಇಬ್ಬರ ಕಣ್ಣೂ ತುಂಬಿ ಮಾತು ನಿಲ್ಲುತ್ತದೆ. ಮುಕ್ತಾಯದ ಎರಡು ವಾಕ್ಯಗಳಿಗೆ ಮಾತ್ರ ಅವರ ಕಡೆ ತಿರುಗಿ: “ಪಪ್ಪ, ಇದರಲ್ಲಿ ಯಾವುದನ್ನೂ ನೀವು ನಮಗೆ ಹೇಳಿದವರಲ್ಲ. ಅದಕ್ಕೆ ಇವತ್ತು ನಾನೂ ಅಕ್ಕನೂ ಹೇಳಿದೆವು.” ಹೊಸ ಕಾರಿನ ಕೀ, ಕಾಶಿಯಾತ್ರೆಯ ಟಿಕೆಟ್ ಇತ್ಯಾದಿ ಉಡುಗೊರೆಯನ್ನು ಈ ಹೊತ್ತಿನಲ್ಲಿ ಘೋಷಿಸಬೇಡಿ. ಬಿಟ್ಟುಕೊಟ್ಟದ್ದಕ್ಕೆ ಬೆಲೆ ಕಟ್ಟಿ ತೀರಿಸಿದಂತೆ ಅದು ಕೇಳಿಸುತ್ತದೆ. ಮನೆಗೆ ಹೋದ ಮೇಲೆ ಕೊಡಿ.

ಅಭ್ಯಾಸ ಮತ್ತು ಆ ದಿನ

ಗಟ್ಟಿಯಾಗಿ ಓದಿ ನೋಡಿದಾಗ ಗಂಟಲು ಕಟ್ಟುವ ಜಾಗ ಯಾವುದೆಂದು ತಿಳಿಯುತ್ತದೆ. ಪ್ರತಿ ಸಲವೂ ಅದು ಹೆಚ್ಚುಕಡಿಮೆ ಒಂದೇ ವಾಕ್ಯ. ನಮ್ಮ ಉದಾಹರಣೆಯಲ್ಲಿ ಅದು ಅಜ್ಜನ ಸ್ನಾನದ ವಾಕ್ಯ ಆಗಿರಬಹುದು. ಆ ವಾಕ್ಯವನ್ನು ಚಿಕ್ಕದು ಮಾಡಿ, ಅದರ ಮುಂದೆ ಒಂದು ಒಣ ಸಂಗತಿಯನ್ನಿಡಿ. ಇಸವಿ, ಟ್ರಿಪ್ಪಿನ ಸಮಯ ಮುಂತಾದವನ್ನು ಹೇಳುವಾಗ ಸ್ವರ ತಾನಾಗಿ ಸರಿಯಾಗುತ್ತದೆ. ಮೊಬೈಲಿನಿಂದ ಓದುವ ಬದಲು ದಪ್ಪ ಕಾಗದದ ಮೂರು ಚೀಟಿಗಳಲ್ಲಿ, ಒಂದೊಂದರ ಮೇಲೆ ಒಂದೊಂದು ಸನ್ನಿವೇಶ ಬರೆದುಕೊಳ್ಳಿ, ಮೊದಲ ವಾಕ್ಯ ದಪ್ಪಕ್ಷರದಲ್ಲಿರಲಿ. ನಿಜವಾಗಿಯೂ ಮಾತು ನಿಂತುಹೋದರೆ ನೀರು ಕುಡಿದು ಮುಂದಿನ ಚೀಟಿಗೆ ಹೋಗಿ. ಅರ್ಧಕ್ಕೆ ನಿಂತ ವಾಕ್ಯವನ್ನು ಮತ್ತೆ ಎತ್ತಿಕೊಳ್ಳಬೇಡಿ.

ಚೀಟಿಗಳಿಂದ ಇನ್ನೊಂದು ಉಪಯೋಗವಿದೆ. ಮುಹೂರ್ತ ತಡವಾಗಿ ನಿರೂಪಕರು ‘ಎರಡೇ ನಿಮಿಷ’ ಎಂದು ಕಿವಿಯಲ್ಲಿ ಹೇಳುವುದು ಅಪರೂಪವಲ್ಲ. ಆಗ ಅವಸರದಲ್ಲಿ ಮೂರನ್ನೂ ಓಡಿಸಬಾರದು. ಪಾಸ್‌ಪೋರ್ಟಿನ ಚೀಟಿಯೊಂದನ್ನೇ ಹೇಳಿ ಮುಗಿಸಬೇಕು. ಅದೊಂದೇ ನಿಲ್ಲುವಷ್ಟು ಗಟ್ಟಿಯಾಗಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿರಬೇಕು.

ಹಾಲಿನಲ್ಲಿ ಎರಡು ಏರ್ಪಾಡು ಮೊದಲೇ ಆಗಿರಲಿ. ಸ್ಯಾಕ್ಸೋಫೋನಿನವರಿಗೆ ನಿಮ್ಮ ಮಾತು ಯಾವಾಗ ಎಂದು ತಿಳಿಸಿ, ಇಲ್ಲದಿದ್ದರೆ ಆಶೀರ್ವಾದದ ವಾದ್ಯ ನಿಮ್ಮ ಮೊದಲ ಚೀಟಿಯನ್ನು ನುಂಗುತ್ತದೆ. ಅಡುಗೆಯವರಿಗೆ, ನಿಮ್ಮ ಮಾತು ಮುಗಿದ ಮೇಲೆಯೇ ಊಟದ ಹಾಲಿನ ಬಾಗಿಲು ತೆರೆಯಲು ಹೇಳಿ. ಎಲೆ ಹಾಕುವುದು ಕಣ್ಣಿಗೆ ಬಿದ್ದರೆ ಹಿಂದಿನ ಮೂರು ಸಾಲುಗಳನ್ನು ಯಾವ ಸನ್ನಿವೇಶವೂ ಹಿಡಿದು ಕೂರಿಸಲಾರದು.

ಕೊನೆಯ ವಾಕ್ಯ ಹೇಳಿದ ಮೇಲೆ ಮೈಕನ್ನು ಕೆಳಗಿಟ್ಟು, ಅಕ್ಕನನ್ನೂ ಕರೆದು, ಇಬ್ಬರೂ ಅಪ್ಪ ಅಮ್ಮನಿಗೆ ನಮಸ್ಕಾರ ಮಾಡಿ. ನಿರೂಪಕರಿಗೆ ಬೆಳಿಗ್ಗೆಯೇ ಒಂದು ಮಾತು ಹೇಳಿಟ್ಟಿರಿ: ಮಗನ ಮಾತು ಮುಗಿದ ಬಳಿಕ ‘ಎಂಥ ಮನಮುಟ್ಟುವ ನುಡಿಗಳು’ ಎಂದು ವಿವರಿಸುತ್ತ ನಿಲ್ಲದೆ, ನೇರವಾಗಿ ಊಟಕ್ಕೆ ಕರೆಯಬೇಕು.